ಅಪ್‌ಡೇಟ್: ವಿಮಾ ಏಜೆಂಟ್ ಪರಿಚಯ ಕೊನೆಗೆ ಹೀಗಾಯ್ತು

ಕೇಳಿದ್ದು: "ಸೋಮವಾರಪೇಟೆ ಕಡೆ ಜೀವ ವಿಮೆ ಏಜೆಂಟ್. ವಾಟ್ಸಾಪ್ ಪರಿಚಯದಲ್ಲಿ ಏನು ಬರೆದರೆ ಮನೆಯವರು ನಂಬ್ತಾರೆ? ದುಂಬಾಲು ಬಿದ್ದ ಹಾಗೂ ಇರಬಾರದು, ಆಶ್ವಾಸನೆಯೂ ಇರಬಾರದು."

ಕೆಲಸಕ್ಕೆ ಬಂದಿದ್ದು "ಮಾಡಿಕೊಡೋ ಕೆಲಸ ಮಾತ್ರ ಬರೀರಿ" ಅಂದವರ ಸಲಹೆ. ಈಗ ಇರೋದು ಇಷ್ಟು:

"ಜೀವ ವಿಮೆ ಏಜೆಂಟ್, ಸೋಮವಾರಪೇಟೆ. ಪಾಲಿಸಿ ಷರತ್ತುಗಳನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ. ಕ್ಲೇಮ್ ಅರ್ಜಿ ತುಂಬಿ, ದಾಖಲೆ ಜೋಡಿಸಲು ಜೊತೆಗಿರುತ್ತೇನೆ, ತೀರ್ಮಾನ ಕಂಪನಿಯದು. ಪಾಲಿಸಿ ಪತ್ರ ಕೈ ಸೇರಿದ 30 ದಿನದೊಳಗೆ ಬೇಡವೆನಿಸಿದರೆ ವಾಪಸ್ ಮಾಡಬಹುದು."

ಕೊನೆಯ ಸಾಲು ನೋಡಿಯೇ ಹೆಚ್ಚು ಜನ ಮಾತು ಶುರು ಮಾಡಿದ್ದು, ಇದನ್ನು ನಿರೀಕ್ಷಿಸಿರಲಿಲ್ಲ. ಆದರೆ ಕೇಳಿದವರಿಗೆ ಪೂರ್ತಿ ಹೇಳಬೇಕು: ಕಟ್ಟಿದ್ದಷ್ಟೂ ಬರಲ್ಲ. ಅಷ್ಟು ದಿನ ವಿಮೆ ರಕ್ಷಣೆ ಇದ್ದದ್ದಕ್ಕೆ ತಗಲುವ ರಿಸ್ಕ್ ಪ್ರೀಮಿಯಂ, ವೈದ್ಯಕೀಯ ಪರೀಕ್ಷೆ ಖರ್ಚು, ಸ್ಟ್ಯಾಂಪ್ ಡ್ಯೂಟಿ ಹಿಡಿದುಕೊಂಡು ಉಳಿದದ್ದು ಕೊಡ್ತಾರೆ.

"ನಿಮ್ಮ ಕುಟುಂಬದ ಕಾವಲುಗಾರ" ನಡೀಲಿಲ್ಲ, ಓದಿದವರು ನಕ್ಕರು. "ಮೊದಲ ಕಂತಿನಲ್ಲಿ ರಿಯಾಯಿತಿ" ಸಲಹೆಯಂತೂ ಮುಟ್ಟಲೇಬೇಡಿ. ಏಜೆಂಟ್ ತನ್ನ ಕಮಿಷನ್ ಬಿಟ್ಟುಕೊಡೋದು 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಇನ್ನೊಂದು, ಪಾಲಿಸಿ ಬಗ್ಗೆ ಹೇಳೋ ಬರಹ ಜಾಹೀರಾತು ಅಂತ ಲೆಕ್ಕಕ್ಕೆ ಬರಬಹುದು, ಜಾಹೀರಾತಿಗೆ ಕಂಪನಿಯ ಲಿಖಿತ ಒಪ್ಪಿಗೆ ಮೊದಲೇ ಬೇಕು. ಶಾಖೆಗೆ ಕಳಿಸಿ ಒಪ್ಪಿಗೆ ತಗೊಂಡೇ ಹಾಕಿದ್ದು.

ಕಾಫಿ ಬೆಳೆಗಾರರ ಮನೆಗಳಿಗೆ ಒಂದು ಸಾಲು ಸೇರಿಸಿದೆ: "ಕಂತಿನ ತಿಂಗಳು ಕಾಫಿ ಮಾರಿದ ಮೇಲೆ ಬರುವಂತೆ ಯೋಚಿಸೋಣ." ಅದಕ್ಕೆ ಪಾಲಿಸಿಯನ್ನೇ ಮಾರ್ಚ್–ಏಪ್ರಿಲ್‌ನಲ್ಲಿ ಶುರು ಮಾಡಿ, ವಾರ್ಷಿಕ ಕಂತು ಇಟ್ಟುಕೊಂಡರಾಯ್ತು.