ಪದಚರ್ಚೆ: ‘ಪ್ರಬಲ’ವಾದದ್ದು ಹಾಕಿದರೆ ಎಲಿಮಿನೇಷನ್ ಎನ್ನಬಹುದೇ?

ಗೆಳೆಯರೇ, ಕೆಮಿಸ್ಟ್ರಿ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. 2-ಬ್ರೋಮೋಪ್ರೊಪೇನ್‌ಗೆ ಎಥನಾಲ್‌ನಲ್ಲಿ ಸೋಡಿಯಂ ಎಥಾಕ್ಸೈಡ್ ಹಾಕಿ 55 ಡಿಗ್ರಿಗೆ ಬಿಸಿ ಮಾಡಿದರೆ ಹೈಡ್ರೋಜನ್, ಬ್ರೋಮಿನ್ ಎರಡೂ ಕಳಚಿ, ಅಂದರೆ ಎಲಿಮಿನೇಷನ್ ಆಗಿ, ಸುಮಾರು ಐದರಲ್ಲಿ ನಾಲ್ಕು ಪಾಲು ಪ್ರೊಪೀನ್ ಎಂಬ ಆಲ್ಕೀನ್, ಉಳಿದದ್ದು ಈಥರ್. ಡಿಎಂಎಫ್ ಎಂಬ ದ್ರಾವಕದಲ್ಲಿ ಸೋಡಿಯಂ ಅಜೈಡ್ ಹಾಕಿದರೆ ಬ್ರೋಮಿನ್ ಜಾಗದಲ್ಲಿ ಅಜೈಡ್ ಬಂದು ಕೂರುತ್ತದೆ, ಅಂದರೆ ಆದೇಶನ. ‘ಪ್ರಬಲವಾದದ್ದು ಹಾಕಿದರೆ ಎಲಿಮಿನೇಷನ್, ದುರ್ಬಲವಾದದ್ದಕ್ಕೆ ಆದೇಶನ’ ಅಂತ ಬರೆದಿದ್ದೇನೆ. ಆದರೆ ಅಜೈಡ್ ಕೂಡ ಜೋರಾಗೇ ಕೆಲಸ ಮಾಡುತ್ತದಲ್ವಾ?

*

‘ಆದೇಶನ’ ಎಂದರೆ ಸರ್ಕಾರಿ ಆದೇಶ ನೆನಪಾಗುತ್ತದೆ. ‘ಬದಲಿಕೆ’ ಅನ್ನಿ.

*

ಅವರು ಕೇಳಿದ್ದು ‘ಪ್ರಬಲ’ದ ಬಗ್ಗೆ ಸರ್! ನನ್ನ ಪ್ರಕಾರ ನಿರ್ಧರಿಸುವುದು ದ್ರಾವಕ. ನೀರಿನಲ್ಲಿ KOH ಹಾಕಿದರೆ ಆಲ್ಕೊಹಾಲ್, ಎಥನಾಲ್‌ನಲ್ಲಿ ಹಾಕಿದರೆ ಆಲ್ಕೀನ್. ನಾವೆಲ್ಲ ಓದಿದ್ದು ಅದೇ.

*

ಅರ್ಧ ನಿಜ. ನೀರಿನ ಕಣಗಳು ಹೈಡ್ರಾಕ್ಸೈಡನ್ನು ಸುತ್ತುವರಿದು ಅದರ ಚುರುಕು ತಗ್ಗಿಸುತ್ತವೆ. ಎಥನಾಲ್‌ನಲ್ಲಿ ಹಿಡಿತ ಸಡಿಲ, ಜೊತೆಗೆ ಅದರಲ್ಲಿ ಸಾಕಷ್ಟು ಎಥಾಕ್ಸೈಡ್ ಆಗಿಬಿಡುತ್ತದೆ. ಆದರೆ 1-ಬ್ರೋಮೋಆಕ್ಟಾಡೆಕೇನ್ ನೋಡಿ. ಮೆಥನಾಲ್‌ನಲ್ಲಿ ಸೋಡಿಯಂ ಮೆಥಾಕ್ಸೈಡ್ ಹಾಕಿದರೆ ಹೆಚ್ಚೂಕಡಿಮೆ ಪೂರ್ತಿ ಈಥರೇ ಬರುತ್ತದೆ. ಅಲ್ಲೂ ದ್ರಾವಕ ಆಲ್ಕೊಹಾಲೇ ಅಲ್ವಾ? ಅದೇ ವಸ್ತುವಿಗೆ ಟರ್ಟ್-ಬ್ಯುಟನಾಲ್‌ನಲ್ಲಿ ಪೊಟ್ಯಾಸಿಯಂ ಟರ್ಟ್-ಬ್ಯುಟಾಕ್ಸೈಡ್ ಹಾಕಿದರೆ ಸುಮಾರು 85% ಆಲ್ಕೀನ್. ದಪ್ಪ ದೇಹದ ಬೇಸ್ ಇಂಗಾಲದ ಹತ್ತಿರ ನುಗ್ಗಲಾರದೆ ಹೊರಗೆ ಸಿಗುವ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ.

ಮೂಲ ಪ್ರಶ್ನೆಗೆ ಬಂದರೆ, ‘ಪ್ರಬಲ’ ಎಂಬುದು ಎರಡು ಬೇರೆ ಗುಣಗಳಿಗೆ ಒಂದೇ ಹೆಸರಾಗಿದೆ. ಪ್ರೋಟಾನ್ ಮೇಲಿನ ಹಸಿವು ಒಂದು, ಇಂಗಾಲದ ಮೇಲೆ ಬೀಳುವ ವೇಗ ಇನ್ನೊಂದು. ಎಥಾಕ್ಸೈಡ್‌ನ ಜೋಡಿ ಆಮ್ಲ ಎಥನಾಲ್, ಆಮ್ಲದ ಬಲ ಹೇಳುವ pKa ಅದಕ್ಕೆ ಸುಮಾರು 16. ಅಜೈಡ್‌ನದು ಜೋಡಿ ಆಮ್ಲಕ್ಕೆ 5ರ ಆಸುಪಾಸು. ಈ ಅಂಕಿ ಕಡಿಮೆಯಾದಷ್ಟೂ ಪ್ರೋಟಾನ್ ಹಸಿವೂ ಕಡಿಮೆ. ಅಂದರೆ ಅಜೈಡ್‌ಗೆ ಪ್ರೋಟಾನ್ ಕೀಳುವ ಆಸೆ ಕಡಿಮೆ. ಆದರೆ ಡಿಎಂಎಫ್ ಅದನ್ನು ಕಟ್ಟಿಹಾಕುವುದಿಲ್ಲ, ಹಾಗಾಗಿ ಇಂಗಾಲದ ಮೇಲೆ ಅದು ಚುರುಕು. ‘ಪ್ರಬಲ ಪ್ರತ್ಯಾಮ್ಲ’ ಅಂತ ಪೂರ್ತಿ ಬರೆಯಿರಿ. ಬರೀ ‘ಪ್ರಬಲ’ ಬೇಡ.

*

ನಮ್ಮ ಲ್ಯಾಬಿನದೊಂದು. ಮೀಥೈಲ್ ಟರ್ಟ್-ಬ್ಯುಟೈಲ್ ಈಥರ್ ಬೇಕಿತ್ತು. ಟರ್ಟ್-ಬ್ಯುಟೈಲ್ ಬ್ರೋಮೈಡ್‌ಗೆ ಸೋಡಿಯಂ ಮೆಥಾಕ್ಸೈಡ್ ಹಾಕಿದರೆ ಗುಳ್ಳೆ ಏಳತೊಡಗಿತು. ಆ ಅನಿಲ ಬ್ರೋಮಿನ್ ನೀರಿನ ಬಣ್ಣ ಕಳೆಯಿತು. ಐಸೊಬ್ಯುಟೀನ್! ಮೂರು ಕಡೆ ಮೀಥೈಲ್ ಗುಂಪುಗಳಿರುವಾಗ ಮೆಥಾಕ್ಸೈಡ್ ಇಂಗಾಲದ ಹತ್ತಿರ ಹಿಂದಿನಿಂದ ಬರಲು ದಾರಿಯೇ ಇಲ್ಲ. ಆಮೇಲೆ ಟರ್ಟ್-ಬ್ಯುಟಾಕ್ಸೈಡನ್ನು ಮೀಥೈಲ್ ಅಯೊಡೈಡ್‌ಗೆ ಹಾಕಿದಾಗ ಈಥರ್ ಸಿಕ್ಕಿತು. ಮೀಥೈಲ್‌ನಿಂದ ಆಲ್ಕೀನ್ ಆಗಲು ಪಕ್ಕದ ಇಂಗಾಲವೇ ಇಲ್ಲವಲ್ಲ.

*

ತುಂಬಾ ಥ್ಯಾಂಕ್ಸ್ ಮೇಡಂ. ‘ಪ್ರಬಲ ಪ್ರತ್ಯಾಮ್ಲ’ ಅಂತ ತಿದ್ದಿದ್ದೇನೆ. ಒಂದು ಮಾತ್ರ ಉಳಿಯಿತು. ಟರ್ಟ್-ಬ್ಯುಟೈಲ್ ಬ್ರೋಮೈಡನ್ನು ಬೇಸ್ ಇಲ್ಲದೆ ಸುಮ್ನೆ ಎಥನಾಲ್‌ನಲ್ಲಿ ಬಿಟ್ಟರೆ ಈಥರೇ ಜಾಸ್ತಿ ಬರುತ್ತದಂತೆ. ಬ್ರೋಮೈಡ್ ತಾನಾಗಿ ಕಳಚಿಕೊಂಡ ಮೇಲೆ ಎಥನಾಲ್ ಸೇರುತ್ತದೆ. ಬಿಸಿ ಮಾಡಿದರೆ ಆಲ್ಕೀನ್ ಪಾಲು ಏರುತ್ತದೆ. ಇದನ್ನೂ ಒಂದೇ ವಾಕ್ಯದಲ್ಲಿ ಹೇಳಲು ಬರುತ್ತದೆಯೇ?

*

ಒಂದೇ ವಾಕ್ಯದಲ್ಲಿ ಆಗಲಿಕ್ಕಿಲ್ಲ. ಬೇರೆ ಯಾರಾದರೂ ಪ್ರಯತ್ನಿಸಿ.