ಲಕ್ವಾ ಹೊಡೆದ ಅಪ್ಪನಿಗೆ ಬಚ್ಚಲು ಮನೆ: ಹಿಡಿಕೆ ಯಾವ ಕಡೆ ಹಾಕಿಸಬೇಕು?

ಕೇಳಿದವರು, ಕಲಬುರಗಿ: ಅಪ್ಪನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲಲ್ಲಿ ಶಕ್ತಿ ಇಲ್ಲ. ಕೋಲು ಹಿಡಿದು ನಿಧಾನ ನಡೀತಾರೆ. ಮುಂದಿನ ವಾರ ಆಸ್ಪತ್ರೆಯಿಂದ ಮನೆಗೆ ಬರ್ತಾರೆ. ಹಳೇ ಮನೆ, ಎಲ್ಲಾ ಕಡೆ ಶಹಾಬಾದ್ ಪರಸಿ. ಕಮೋಡ್ ಮೇಲೆ ಕೂತರೆ ಎಡಕ್ಕೆ ಗೋಡೆ, ಬಲಕ್ಕೆ ಖಾಲಿ ಜಾಗ. ಏನೇನು ಮಾಡಿಸಬೇಕು? ಮಾಡಿಸಿದವರು ಹೇಳಿ.

ಬೀದರ್‌ನಿಂದ ಒಬ್ಬರು: ಗೋಡೆ ಇರೋ ಕಡೆಯೇ ಹಿಡಿಕೆ ಹಾಕಿಸಿ ಅಣ್ಣಾ, ಇನ್ನೆಲ್ಲಿ ಹಾಕೋಕಾಗುತ್ತೆ? ಗೋಡೆ ಒಡೆಯೋದು ಬೇಡ ಅಂದ್ರೆ ಒತ್ತಿದರೆ ಅಂಟಿಕೊಳ್ಳೋ ಹಿಡಿಕೆಗಳೂ ಸಿಗ್ತವೆ. ಬಾಗಿಲು ಮಾತ್ರ ಹೊರಗೆ ತೆರೆಯೋ ಹಾಗೆ ತಿರುಗಿಸಿ. ಒಳಗೆ ಬಿದ್ದರೆ ಬಾಗಿಲಿಗೆ ಮೈ ಅಡ್ಡ ಬಂದು ನಮಗೆ ಒಳಗೆ ಹೋಗೋಕೇ ಆಗಲ್ಲ. ಚಿಲಕವೂ ಹೊರಗಿನಿಂದ ತೆಗೆಯೋ ಹಾಗಿರಲಿ.

ಫಿಸಿಯೋಥೆರಪಿಸ್ಟ್, ಕಲಬುರಗಿ: ಬಾಗಿಲಿನ ಮಾತು ಸರಿ. ಹಿಡಿಕೆ ಮಾತ್ರ ಎಡಕ್ಕೆ ಬೇಡ. ಎದ್ದೇಳುವಾಗ ಅಪ್ಪ ಒತ್ತೋದು ಬಲಗೈಯಿಂದ. ಎಡಗೋಡೆಯ ಹಿಡಿಕೆ ಸಿಗಬೇಕಾದರೆ ಬಲಗೈಯನ್ನು ಮೈಗೆ ಅಡ್ಡ ತರಬೇಕು. ಆಗ ಮೈ ಎಡಕ್ಕೆ ತಿರುಗಿ ಭಾರವೆಲ್ಲ ಶಕ್ತಿಯಿಲ್ಲದ ಕಾಲಿನ ಮೇಲೆ ಬೀಳುತ್ತೆ.

ಬಲಕ್ಕೆ ಗೋಡೆ ಇಲ್ಲದಿದ್ದರೆ ನೆಲಕ್ಕೆ ಕೂರಿಸೋ ಚೌಕಟ್ಟು ಮಾಡಿಸಿ. ವೆಲ್ಡಿಂಗ್ ಅಂಗಡಿಯಲ್ಲಿ 1 ಇಂಚಿನ ಜಿಐ ಪೈಪ್ ಹೇಳಿ. ಅದರ ಹೊರ ದಪ್ಪ ಸುಮಾರು 34 ಮಿಲಿಮೀಟರ್, ಮುಷ್ಟಿಗೆ ಸರಿ ಹೋಗುತ್ತೆ. ಒಂದೂಕಾಲು ಇಂಚಿನದು ಕೈಗೆ ದಪ್ಪ ಆಗುತ್ತೆ. ಎತ್ತರಕ್ಕೆ ಪುಸ್ತಕದ ಅಳತೆ ಬೇಡ. ಅಪ್ಪ ಬಂದ ಮೇಲೆ ಕೂರಿಸಿ, ಮೊಣಕೈ ಸ್ವಲ್ಪ ಮಡಚಿ ಕೆಳಕ್ಕೆ ಒತ್ತೋಕೆ ಎಲ್ಲಿ ಆಗುತ್ತೋ ಅಲ್ಲಿಗೆ ನಿಲ್ಲಿಸಿ. ಅಲ್ಲಿಯವರೆಗೆ ಕಮೋಡ್ ಸುತ್ತ ಇಡೋ, ಎರಡೂ ಕಡೆ ಕೈ ಇರೋ ಸ್ಟ್ಯಾಂಡ್ ತಂದಿಡಿ.

ಅಂಟಿಸೋ ಹಿಡಿಕೆ ನಂಬಬೇಡಿ. ನಮ್ಮ ಊರಿನ ಗಡಸು ನೀರಿಗೆ ಟೈಲ್ಸ್ ಮೇಲೆ ಬಿಳಿ ಪದರ ಕಟ್ಟುತ್ತೆ, ಹಿಡಿತ ಸಡಿಲಾಗುತ್ತೆ, ಜೋಲಿ ಹೋದ ಹೊತ್ತಲ್ಲೇ ಕಿತ್ತು ಬರುತ್ತೆ. ಟವೆಲ್ ರಾಡ್ ಕಥೆಯೂ ಅಷ್ಟೇ.

ಯಾದಗಿರಿಯ ಅಕ್ಕ: ನಮ್ಮ ಅವ್ವನಿಗೆ ಮೊಣಕಾಲು ನೋವು. ಗಾಲಿ ಕುರ್ಚಿಗೆ ಅಂತ ಬಾಗಿಲಿಗೆ ಇಳಿಜಾರು ಮಾಡಿಸಿದ್ವಿ. 6 ಇಂಚು ಎತ್ತರದ ಮೆಟ್ಟಿಲಿಗೆ 6 ಅಡಿ ಉದ್ದ ಬೇಕಾಯ್ತು, ಅಂಗಳವೆಲ್ಲ ಅದೇ ಆಯ್ತು. ನೀವೂ ಮೊದಲು ಅದನ್ನೇ ಮಾಡಿಸಿ.

ಕೇಳಿದವರು: ಅಪ್ಪ ನಡೀತಾರೆ ಅಕ್ಕಾ, ಗಾಲಿ ಕುರ್ಚಿ ಇಲ್ಲ. ಬಚ್ಚಲಿಗೆ ಇಳಿಯೋಕೆ ಒಂದೇ ಮೆಟ್ಟಿಲು, ಭಯ ಇರೋದು ಅದರದ್ದೇ. ಸ್ನಾನದ ಜಾಗದಲ್ಲಿ ಬಲಕ್ಕೆ ಗೋಡೆ ಇದೆ, ಆದರೆ ಕಲ್ಲು ಮಣ್ಣಿನ ಗೋಡೆ, ಮೇಲೆ ಟೈಲ್ಸ್. ಬೋಲ್ಟ್ ನಿಲ್ಲುತ್ತಾ?

ಫಿಸಿಯೋಥೆರಪಿಸ್ಟ್: ಬೆರಳಿನಿಂದ ಟೈಲ್ಸ್ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಹಿಂದೆ ಸಿಮೆಂಟ್ ತುಂಬಿಲ್ಲ ಅಂತ. ಮಣ್ಣಿನ ಗೋಡೆಯಲ್ಲಿ ಸಾದಾ ಆ್ಯಂಕರ್ ಬೋಲ್ಟ್ ಬಿಗಿ ಮಾಡಿದಷ್ಟೂ ಸುಮ್ನೆ ತಿರುಗುತ್ತೆ. ಉದ್ದ ಬೋಲ್ಟನ್ನು ಗೋಡೆಯ ಆಚೆಗೆ ದಾಟಿಸಿ, ಹೊರಗೆ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಹಾಕಿಸಿ. ಆಮೇಲೆ ನೀವೇ ಪೂರ್ತಿ ಭಾರ ಬಿಟ್ಟು ಜಗ್ಗಿ. ತಳಪಟ್ಟಿ ಕೂದಲೆಳೆಯಷ್ಟು ಅಲುಗಾಡಿದರೂ ಅಪ್ಪನ ಕೈಗೆ ಕೊಡಬೇಡಿ.

ಮೆಟ್ಟಿಲಿಗೂ ಹಿಡಿಕೆ ಬೇಕು, ಎರಡೂ ಕಡೆ. ಹೋಗುವಾಗ ಬಲಕ್ಕಿದ್ದದ್ದು ಬರುವಾಗ ಎಡಕ್ಕಾಗುತ್ತೆ. ಇಳಿಯುವಾಗ ಎಡಗಾಲು ಮೊದಲು, ಹತ್ತುವಾಗ ಬಲಗಾಲು ಮೊದಲು. ಸ್ನಾನ ಕೂತೇ ಮಾಡಲಿ. ಬಿಸಿನೀರು ಬಲಗೈಯಿಂದ ಮುಟ್ಟಿ ನೋಡಲಿ, ಎಡಗೈಗೆ ಸುಡೋದು ತಿಳಿಯದೇ ಇರಬಹುದು.

ಗವಂಡಿ ಕೆಲಸದವರು, ಶಹಾಬಾದ್: ಪರಸಿ ಕೀಳಿಸಬೇಡಿ ಸರ್. ಒಣಗಿದ್ದಾಗ ಅದರಿಂದ ತೊಂದರೆ ಇಲ್ಲ. ಪಾಲಿಶ್ ಆದ ಪರಸಿ ಮೇಲೆ ಸೋಪಿನ ನೀರು ನಿಂತರೆ ಮಾತ್ರ ಜಾರುತ್ತೆ. ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತೆ ನೋಡಿ, ಅಲ್ಲಿ ಮಾತ್ರ ಎಬ್ಬಿಸಿ ಇಳಿಜಾರು ಸರಿ ಮಾಡಿಸಿ. ಸ್ನಾನದ ಜಾಗದ ಕಲ್ಲಿಗೆ ಉಳಿಯಿಂದ ಸಣ್ಣ ಗೀರು ಹೊಡೆಸಿ. ಗೀರಲ್ಲಿ ಸೋಪು ಕೂರುತ್ತೆ, ಬ್ರಷ್‌ನಿಂದ ಆಗಾಗ ಉಜ್ಜಬೇಕು.

ಸೇಡಂನ ಮಗಳೊಬ್ಬಳು: ಬೆಳಕಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಪ್ಪನಿಗೂ ಎಡಗಡೆಯೇ ಆಗಿತ್ತು. ಎಡಕ್ಕೆ ಇದ್ದದ್ದು ಅವರ ಗಮನಕ್ಕೇ ಬರ್ತಿರಲಿಲ್ಲ, ತಟ್ಟೆಯಲ್ಲಿ ಎಡಗಡೆಯ ಅನ್ನ ಹಾಗೇ ಉಳೀತಿತ್ತು. ಬಾಗಿಲ ಚೌಕಟ್ಟಿಗೆ ಎಡಭುಜ ಬಡೀತಿತ್ತು. ಚೌಕಟ್ಟಿಗೆ, ಮೆಟ್ಟಿಲಂಚಿಗೆ ದಪ್ಪ ಹಳದಿ ಪಟ್ಟಿ ಅಂಟಿಸಿದ್ವಿ. ಹಾಸಿಗೆಯಿಂದ ಬಚ್ಚಲಿನವರೆಗೆ ಮೊಣಕಾಲೆತ್ತರದಲ್ಲಿ ಸಣ್ಣ ದೀಪ ಹಾಕಿದ್ವಿ. ಮೇಲಿನ ಟ್ಯೂಬ್‌ಲೈಟ್ ಪಾಲಿಶ್ ಪರಸಿ ಮೇಲೆ ಹೊಳೆದು, ನೀರು ಬಿದ್ದಿದೆ ಅಂತ ನಿಂತುಬಿಡ್ತಿದ್ದರು. ಕರೆಂಟ್ ಹೋದರೂ ಉರಿಯೋ ಬ್ಯಾಟರಿ ಬಲ್ಬ್ ಒಂದು ಬಚ್ಚಲಲ್ಲಿರಲಿ.

ಸ್ವಿಚ್ಚು, ನೀರು, ಕೋಲು ಎಲ್ಲಾ ಬಲಗಡೆಯೇ ಇಡಿ.

ಫಿಸಿಯೋಥೆರಪಿಸ್ಟ್: ಸ್ವಿಚ್ಚು, ಕೋಲು ಬಲಕ್ಕೇ ಸರಿ. ಆದರೆ ಟಿವಿ, ಮಾತಾಡಿಸೋರ ಕುರ್ಚಿ ಎಡಕ್ಕಿರಲಿ ಅಂತೀನಿ ನಾನು, ಆ ಕಡೆ ತಿರುಗೋ ರೂಢಿ ಆಗಲಿ ಅಂತ.

ಸೇಡಂನ ಮಗಳು: ನಾವೂ ಹಾಗೆ ಇಟ್ಟು ನೋಡಿದ್ವಿ ಸರ್. ಅಪ್ಪ ತಿರುಗಲೇ ಇಲ್ಲ, ಯಾರೂ ಮಾತಾಡಿಸ್ತಿಲ್ಲ ಅಂತ ಬೇಜಾರು ಮಾಡಿಕೊಂಡ್ರು. ವಾಪಸ್ ಬಲಕ್ಕೇ ತಂದ್ವಿ.

ಕೇಳಿದವರು: ನಮ್ಮಪ್ಪನ ತಟ್ಟೆ ಇವತ್ತು ರಾತ್ರಿ ನೋಡ್ತೀನಿ. ವೆಲ್ಡಿಂಗ್‌ನವರಿಗೆ ನಾಳೆ ಬರೋಕೆ ಹೇಳಿದೀನಿ.