ಪದಚರ್ಚೆ: ‘ಕೇಸ್ ಸ್ಟಡಿ’, ‘ಸಿಂಗಲ್ ಕೇಸ್ ಡಿಸೈನ್’ ಎರಡಕ್ಕೂ ‘ಪ್ರಕರಣ ಅಧ್ಯಯನ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ವಿಶೇಷ ಶಿಕ್ಷಕರ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ 8 ವರ್ಷದ ಹುಡುಗನೊಬ್ಬನ ಉದಾಹರಣೆ ಇದೆ. 40 ನಿಮಿಷದ ಪೀರಿಯಡ್‌ನಲ್ಲಿ ಅವನು ಎಷ್ಟು ಸಲ ಜಾಗ ಬಿಟ್ಟು ಏಳುತ್ತಾನೆ ಅಂತ ಟೀಚರ್ 5 ದಿನ ಸುಮ್ನೆ ಎಣಿಸುತ್ತಾರೆ: 12, 14, 11, 13, 12. ಆಮೇಲೆ, 10 ನಿಮಿಷ ಕೂತರೆ ಒಂದು ಸ್ಟಾರ್. ಎಣಿಕೆ 7, 5, 4, 4, 3 ಆಗುತ್ತದೆ. ಸ್ಟಾರ್ ನಿಲ್ಲಿಸಿದರೆ 8, 10, 11. ಮತ್ತೆ ಕೊಟ್ಟರೆ 4, 3, 3. ಇದು ಸಿಂಗಲ್ ಕೇಸ್ ಡಿಸೈನ್. ಹಳೆಯ ಅನುವಾದದಲ್ಲಿ ‘ಏಕ ಪ್ರಕರಣ ಅಧ್ಯಯನ’ ಅಂತಿದೆ. ಕೇಸ್ ಸ್ಟಡಿಗೂ ಹೆಚ್ಚುಕಮ್ಮಿ ಅದೇ ಪದ. ಎರಡೂ ಒಂದೇನಾ?

ಮನಶ್ಶಾಸ್ತ್ರ ಕಲಿಸುವವರೊಬ್ಬರು:
ಎರಡೂ ಒಂದೇ ಮೇಡಂ. ‘ವ್ಯಕ್ತಿ ಅಧ್ಯಯನ’ ಅನ್ನಿ. ಒಬ್ಬನನ್ನು ನೋಡಿ ಕಾರಣ ಹೇಳಲು ಬರುವುದಿಲ್ಲ, ಅದಕ್ಕೆ ದೊಡ್ಡ ಗುಂಪೇ ಬೇಕು.

ಶಾಲಾ ಶಿಕ್ಷಕಿಯೊಬ್ಬರು:
ದಯವಿಟ್ಟು ‘ಪ್ರಕರಣ’ ಬೇಡ. ನಮ್ಮಲ್ಲಿ ಫಾರಂ ಮೇಲೆ ಆ ಪದ ನೋಡಿ ಒಬ್ಬ ತಾಯಿ, “ನನ್ನ ಮಗನ ಮೇಲೆ ಯಾರು ದೂರು ಕೊಟ್ಟರು?” ಅಂತ ಅತ್ತುಬಿಟ್ಟರು.

ವಾಕ್ ಚಿಕಿತ್ಸಕರೊಬ್ಬರು:
ಸರ್ ಹೇಳಿದ್ದು ಕೇಸ್ ಸ್ಟಡಿಯ ಮಟ್ಟಿಗೆ ಬಹುಪಾಲು ಸರಿ. ಅಲ್ಲಿ ಮಗುವಿನ ಮನೆ, ಕಲಿಕೆ, ಆದದ್ದನ್ನೆಲ್ಲ ಬರೆಯುತ್ತೇವೆ. ಮಗು ಸುಧಾರಿಸಿದರೂ ಸ್ಟಾರ್‌ನಿಂದಲೋ ಟೀಚರ್ ಬದಲಾದ್ದರಿಂದಲೋ ಗೊತ್ತಾಗುವುದಿಲ್ಲ. ಮೇಡಂ ಕೊಟ್ಟ ಉದಾಹರಣೆ ಬೇರೆ. ಅಲ್ಲಿ ಹುಡುಗನನ್ನು ಅವನ ಜೊತೆಗೇ ಹೋಲಿಸುತ್ತಾರೆ. ಸ್ಟಾರ್ ಬಂದಾಗ ಇಳಿದು, ಹೋದಾಗ ಏರಿ, ಮತ್ತೆ ಬಂದಾಗ ಇಳಿದರೆ, ಮೂರು ಸಲವೂ ಅದು ಕಾಕತಾಳೀಯ ಅನ್ನುವುದು ಕಷ್ಟ, ಅಲ್ವಾ? ಆದರೆ ಮೊದಲ ಎಣಿಕೆ ಸ್ಥಿರವಾಗಿರಬೇಕು. ಅದು 14, 11, 9, 7 ಅಂತ ಆಗಲೇ ಇಳಿಯುತ್ತಿದ್ದರೆ, ಆಮೇಲಿನ ಇಳಿಕೆಯನ್ನು ಸ್ಟಾರ್‌ನ ಲೆಕ್ಕಕ್ಕೆ ಹಾಕುವಂತಿಲ್ಲ.

ಓದು ಕಲಿಸುವಲ್ಲಿ ಈ ದಾರಿ ನಡೆಯುವುದಿಲ್ಲ. ಕಲಿತ ಒತ್ತಕ್ಷರ ಪಾಠ ನಿಲ್ಲಿಸಿದರೆ ಮರೆತುಹೋಗುವುದಿಲ್ಲ. ಆಗ ಒತ್ತಕ್ಷರಗಳನ್ನು ಮೂರು ಗುಂಪು ಮಾಡಿ, ಮೂರನ್ನೂ ದಿನಾ ಪರೀಕ್ಷಿಸುತ್ತಾ, ಪಾಠವನ್ನು ಮಾತ್ರ ಬೇರೆ ಬೇರೆ ವಾರ ಶುರು ಮಾಡುತ್ತೇವೆ. ಪಾಠ ಶುರುವಾದ ಗುಂಪಿನ ಅಂಕವಷ್ಟೇ ಏರಿ, ಕಾಯುತ್ತಿರುವ ಗುಂಪುಗಳ ಅಂಕ ಇದ್ದಲ್ಲೇ ಇದ್ದರೆ ಪಾಠ ಕೆಲಸ ಮಾಡಿದೆ ಅನ್ನಬಹುದು. ಎಲ್ಲವೂ ಒಟ್ಟಿಗೆ ಏರಿದರೆ ಏನೂ ಹೇಳಲಾಗದು.

ಇಷ್ಟಾದರೂ ಇದು ಆ ಮಗುವಿನ ಮಾತು. ಪಕ್ಕದ ಬೆಂಚಿನವನಿಗೂ ಸ್ಟಾರ್ ನಾಟುತ್ತದಾ ಅಂತ ತಿಳಿಯಲು ಬೇರೆ ಮಕ್ಕಳಲ್ಲಿ, ಬೇರೆ ಟೀಚರ್ ಕೈಯಲ್ಲಿ ಮತ್ತೆ ಮಾಡಿ ನೋಡಲೇಬೇಕು. ನನ್ನ ಸಲಹೆ: ‘ಒಬ್ಬರ ಮೇಲಿನ ಪ್ರಯೋಗ’.

ಶಾಲಾ ಶಿಕ್ಷಕಿ:
‘ಪ್ರಯೋಗ’ ಅಂದರೆ ಆ ತಾಯಿ ಇನ್ನೂ ಹೆದರುತ್ತಾರೆ ಸರ್!

ಪ್ರಶ್ನೆ ಕೇಳಿದವರು:
ವ್ಯತ್ಯಾಸ ಈಗ ತಿಳಿಯಿತು, ತುಂಬಾ ಥ್ಯಾಂಕ್ಸ್. ‘ಕೇಸ್ ಸ್ಟಡಿ’ಯನ್ನು ಹಾಗೇ ಉಳಿಸಿಕೊಳ್ಳುತ್ತೇನೆ. ಇನ್ನೊಂದಕ್ಕೆ ಸದ್ಯಕ್ಕೆ ‘ಒಬ್ಬರದೇ ಹೋಲಿಕೆ’ ಅಂತ ಬರೆದಿದ್ದೇನೆ, ಅಷ್ಟು ಸಮಾಧಾನವಿಲ್ಲ. ಸ್ಟಾರ್‌ಗೆ ಮುಂಚಿನ ಆ 5 ದಿನದ ಎಣಿಕೆಗೆ ‘ತಳರೇಖೆ’ ಅಂತಿದೆ. ಟೀಚರ್‌ಗಳ ಬಾಯಲ್ಲಿ ನಿಲ್ಲುವ ಪದ ಯಾರಿಗಾದರೂ ಹೊಳೆಯುತ್ತದಾ?